ಬಾಲ್ಕನಿ ಕಂಬಿಯೂ ಇಂಟರ್ನ್‌ಶಿಪ್ ರಿಪೋರ್ಟೂ

ಮಾತಾಡುತ್ತಿರುವವರು ಮೂವರು ಗೆಳೆಯರು: ಡಿಪ್ಲೊಮಾ ಸಿವಿಲ್ ಪಾಠ ಹೇಳುವ ಮೇಷ್ಟ್ರು, ಸೆಂಟ್ರಿಂಗು ಕಂಬಿ ಎರಡೂ ಬಲ್ಲ ಮೇಸ್ತ್ರಿ, ಸೈಟ್ ನೋಡಿಕೊಳ್ಳುವ ಇಂಜಿನಿಯರ್. ನಡುವೆ ಒಬ್ಬ ವಿದ್ಯಾರ್ಥಿಯ ಇಂಟರ್ನ್‌ಶಿಪ್ ರಿಪೋರ್ಟಿನ ಕರಡು ಬಿದ್ದಿದೆ.

ಮೇಷ್ಟ್ರು: ಕೃತಜ್ಞತೆಗೆ ಎರಡು ಪುಟ. ಬಾಲ್ಕನಿ ಕಾಂಕ್ರೀಟಿಗೆ ಒಂದೇ ಸಾಲು: "ಕಂಬಿ ಕಟ್ಟಿ ಕಾಂಕ್ರೀಟ್ ಹಾಕಲಾಯಿತು, ತುಂಬಾ ಕಲಿತೆ."

ಮೇಸ್ತ್ರಿ: ಪಾಪ, ನಿಜಾನೇ ಬರ್ದವ್ನೆ. ಕಂಬಿ ಕಟ್ಟಿದ್ರು, ಕಾಂಕ್ರೀಟ್ ಹಾಕಿದ್ರು.

ಇಂಜಿನಿಯರ್: ಸಾಲಿಗಿಂತ ಪಕ್ಕದ ಚಿತ್ರ ನೋಡಿ ಮೇಷ್ಟ್ರೇ. ಮುಖ್ಯ ಕಂಬೀನ ಬಾಲ್ಕನಿ ತಳದಲ್ಲಿ ಎಳೆದಿದ್ದಾನೆ!

ಮೇಷ್ಟ್ರು: ಪುಸ್ತಕದಲ್ಲಿ ಎರಡು ಗೋಡೆ ಮೇಲೆ ಕೂತ ಸ್ಲ್ಯಾಬಿನ ಚಿತ್ರ ಇರುತ್ತಲ್ಲ, ಅದನ್ನೇ ಇಳಿಸಿಕೊಂಡಿದ್ದಾನೆ. ಆ ಸ್ಲ್ಯಾಬು ನಡುವೆ ಬಗ್ಗುತ್ತೆ, ತಳ ಎಳೆತಕ್ಕೆ ಸಿಗುತ್ತೆ, ಅಲ್ಲಿ ಕಂಬಿ ತಳದಲ್ಲೇ ಇರಬೇಕು. ಬಾಲ್ಕನಿಗೆ ಹೊರತುದಿಯಲ್ಲಿ ಆಸರೆ ಇಲ್ಲ. ತುದಿ ಕೆಳಗೆ ಬಾಗಿದರೆ ಎಳೆತ ಬೀಳೋದು ಮೇಲ್ಮೈಗೆ, ಅದೂ ತೊಲೆ ಹತ್ತಿರ ಅತಿ ಹೆಚ್ಚು. ಆದ್ದರಿಂದ ಮುಖ್ಯ ಕಂಬಿ ಮೇಲೇ ಇರಬೇಕು.

ಮೇಸ್ತ್ರಿ: ನಾವು ಮೇಲೇ ಕಟ್ಟಿರ್ತೀವಿ ಸಾರ್. ಕಾಂಕ್ರೀಟ್ ಹಾಕೋ ಹೊತ್ತಿಗೆ ಅದು ಎಲ್ಲಿರುತ್ತೆ ಅನ್ನೋದು ಬೇರೆ ಮಾತು.

ಇಂಜಿನಿಯರ್: ರಿಪೋರ್ಟಿಗೆ ಬೇಕಾಗಿದ್ದೇ ಆ ಬೇರೆ ಮಾತು. ಬಾಂಡ್ಲಿ ಹೊತ್ತವರು, ವೈಬ್ರೇಟರ್ ಹಿಡಿದವರು, ಅವರ ಹಿಂದೆ ಸುಮ್ಮನೆ ನೋಡೋಕೆ ಬಂದವರು, ಎಲ್ಲರೂ ಮೇಲಿನ ಜಾಲರಿ ಮೇಲೇ ನಡೀತಾರೆ.

ಮೇಸ್ತ್ರಿ: ಸುಮ್ಮನೆ ನೋಡೋಕೆ ಬಂದವರೇ ಜಾಸ್ತಿ ತೂಕ ಇರ್ತಾರೆ.

ಮೇಷ್ಟ್ರು: ಸರಿ, ಲೆಕ್ಕ ಹಾಕೋಣ. ಇವನ ಬಾಲ್ಕನಿ 1.2 ಮೀಟರ್ ಹೊರಚಾಚಿದೆ, ದಪ್ಪ 125 ಮಿಮೀ. ಮೇಲೆ 10 ಮಿಮೀ ಕಂಬಿ, 150 ಮಿಮೀಗೊಂದು. ಕಂಬಿಯನ್ನು ಮೇಲಿಂದ ಮುಚ್ಚೋ ಕಾಂಕ್ರೀಟು, ಅಂದ್ರೆ ಕವರ್, 20. ತಳದಿಂದ ಕಂಬಿಯ ನಡುವಿನವರೆಗೆ ಎಷ್ಟು? 125ರಲ್ಲಿ ಕವರ್ 20 ಹೋಯ್ತು, ಕಂಬಿಯ ಅರ್ಧ 5 ಹೋಯ್ತು, ಉಳಿದದ್ದು 100. ಇದೇ ಎಫೆಕ್ಟಿವ್ ಡೆಪ್ತ್.

ಇಂಜಿನಿಯರ್: ತುಳಿದು 40 ಮಿಮೀ ಕೆಳಗೆ ಹೋಯ್ತು ಅಂದ್ರೆ 60. ಎಂ25 ಕಾಂಕ್ರೀಟು, ಎಫ್‌ಇ 500 ಕಂಬಿ ಅಂತ ಲೆಕ್ಕ ಹಾಕಿದ್ರೆ ಬಾಗು ತಡೆಯೋ ಶಕ್ತಿ ಮೊದಲಿನ ಅರ್ಧಕ್ಕಿಂತ ಚೂರು ಜಾಸ್ತಿ ಉಳಿಯುತ್ತೆ, ಅಷ್ಟೇ. ಕಂಬಿ ಅಷ್ಟೇ, ಸಿಮೆಂಟ್ ಅಷ್ಟೇ, ಬಿಲ್ಲೂ ಅಷ್ಟೇ.

ಮೇಸ್ತ್ರಿ: ಬಿಲ್ ಮಾತ್ರ ಎಷ್ಟು ತುಳಿದ್ರೂ ಕೆಳಗೆ ಹೋಗಲ್ಲ ಬಿಡಿ.

ಮೇಷ್ಟ್ರು: ಕಾಂಕ್ರೀಟ್ ಕೆಲಸದ ಕೋಡ್ ಐಎಸ್ 456 ಪ್ರಕಾರ ಎಫೆಕ್ಟಿವ್ ಡೆಪ್ತ್ 200 ಮಿಮೀ ಒಳಗಿದ್ರೆ ಹತ್ತು ಮಿಮೀ ಆಚೀಚೆ ಆಗಬಹುದು, ಅಷ್ಟಕ್ಕೇ ಅವಕಾಶ. ನಲವತ್ತಕ್ಕೆ ಯಾವ ಪುಟದಲ್ಲೂ ಜಾಗ ಇಲ್ಲ.

ಇಂಜಿನಿಯರ್: ಈ ಹುಡುಗ ಕೊನೇಲಿ ಏನು ಬರೆದಿದ್ದಾನೆ ನೋಡಿ: "ಕ್ಯೂಬ್ ಪಾಸಾಗಿದ್ದರಿಂದ ಬಾಲ್ಕನಿ ಸುರಕ್ಷಿತ."

ಮೇಷ್ಟ್ರು: ಕ್ಯೂಬ್ ಅಂದ್ರೆ ಪರೀಕ್ಷೆಗೆ ಅಂತ ಅಚ್ಚಿನಲ್ಲಿ ಹಾಕಿದ ಕಾಂಕ್ರೀಟ್ ತುಂಡು, ಅದರಲ್ಲಿ ಕಂಬಿನೇ ಇಲ್ವಲ್ಲಪ್ಪಾ! ಕಾಂಕ್ರೀಟ್ ಗಟ್ಟಿ ಇದೆಯಾ ಅನ್ನೋದನ್ನಷ್ಟೇ ಅದು ಹೇಳುತ್ತೆ. ಕಂಬಿ ಎಲ್ಲಿ ಮಲಗಿದೆ ಅಂತ ಕೇಳಿದ್ರೆ ಅದಕ್ಕೇನು ಗೊತ್ತು?

ಮೇಸ್ತ್ರಿ: ಹಂಗಾದ್ರೆ ಹುಡುಗ ನೋಡಬೇಕಾಗಿದ್ದು ಚೇರು. ಕೂರೋ ಚೇರಲ್ಲ, ಆಫೀಸ್ ರೂಮಲ್ಲಿ ಅದರ ಪರಿಶೀಲನೆ ಚೆನ್ನಾಗೇ ನಡೆದಿರುತ್ತೆ.

ಇಂಜಿನಿಯರ್: ಕಂಬಿ ಬಗ್ಗಿಸಿ ಮಾಡ್ತಾರಲ್ಲ, ಮೇಲಿನ ಜಾಲರಿ ಹೊರೋ ಕಾಲುಮಣೆ, ಅದು. ಎತ್ತರ ಎಷ್ಟಿರಬೇಕು ಅಂತ ರಿಪೋರ್ಟಲ್ಲಿ ಲೆಕ್ಕ ತೋರಿಸಿದ್ರೆ ನಾನು ಅರ್ಧ ಮಾರ್ಕ್ಸು ಅಲ್ಲೇ ಕೊಡ್ತೀನಿ. ಮೇಲಿಂದ ಕವರ್ 20, ಮುಖ್ಯ ಕಂಬಿ 10, ಅದರ ಕೆಳಗೆ ಅಡ್ಡ ಕಂಬಿ 8, ಒಟ್ಟು 38. 125ರಲ್ಲಿ 38 ಕಳೆದ್ರೆ 87. ಚೇರಿನ ಕಾಲು ನೇರ ಸೆಂಟ್ರಿಂಗ್ ಶೀಟಿಗೆ ತಗಲಿದ್ರೆ ಶೀಟ್ ತೆಗೆದ ಮೇಲೆ ಆ ತುದಿ ತಳದಲ್ಲಿ ಕಾಣುತ್ತೆ, ತುಕ್ಕು ಅಲ್ಲಿಂದಲೇ ಶುರು. ಅದಕ್ಕೇ ಕಾಲಿನ ಕೆಳಗೆ 20ರ ಕವರ್ ಬ್ಲಾಕ್. ಉಳಿದ 67 ಮಿಮೀ ಚೇರಿನ ಎತ್ತರ.

ಮೇಸ್ತ್ರಿ: ಇದು ತಳದಲ್ಲಿ ಜಾಲರಿ ಇಲ್ಲದ ಬಾಲ್ಕನಿಗೆ. ಕೆಳಗೂ ಜಾಲರಿ ಇದ್ರೆ ಚೇರು ಅದರ ಮೇಲೆ ನಿಲ್ಲುತ್ತೆ, ಎತ್ತರ ಇನ್ನೂ ಕಮ್ಮಿ. ಮತ್ತೆ ಉಳಿದ 8 ಮಿಮೀ ತುಂಡಲ್ಲಿ ಚೇರ್ ಮಾಡಿದ್ರೆ ಒಂದು ಕಾಲಿಟ್ಟ ತಕ್ಷಣ ನಮಸ್ಕಾರ ಹೊಡೆಯುತ್ತೆ. 12 ಮಿಮೀ ಬೇಕು, ಮೀಟರಿಗಿಂತ ದೂರ ಇಡಬಾರದು. ಓಡಾಡೋಕೆ ಹಲಗೆ ಹಾಕ್ಬೇಕು, ಆ ಹಲಗೇನೂ ಜಾಲರಿ ಮೇಲೆ ಕೂರಬಾರದು.

ಮೇಷ್ಟ್ರು: ಇಷ್ಟೆಲ್ಲ ಇದ್ದೂ ಕಂಬಿ ಇಳಿದಿದೆಯೋ ಇಲ್ಲವೋ ಅಂತ ಹುಡುಗ ತಿಳಿಯೋದು ಹೇಗೆ?

ಇಂಜಿನಿಯರ್: ಕಾಂಕ್ರೀಟಿಗೆ ಮುಂಚೆ ಎರಡು ಪಕ್ಕದ ಹಲಗೆಯ ಮೇಲಂಚಿಗೆ ದಾರ ಬಿಗಿದು ಎಳೀಬೇಕು. ದಾರದಿಂದ ಕಂಬಿಯ ಬೆನ್ನಿಗೆ 20 ಬರಬೇಕು. ತೊಲೆ ಹತ್ತಿರ, ನಡುವೆ, ತುದಿಯಲ್ಲಿ, ಮೂರು ಕಡೆ ಅಳೆದು ಬರ್ಕೊಳ್ಳಲಿ. ತೊಲೆ ಹತ್ತಿರದ ಅಳತೆ ಬಿಟ್ಟು ಉಳಿದೆಲ್ಲ ಬರೆದ್ರೆ ಮುಖ್ಯವಾದದ್ದೇ ಬಿಟ್ಟಂತೆ. ಹಾಕ್ತಾ ಹೋದ ಹಾಗೆ ಮಟ್ಟಗೋಲು ಎಳೆದ ಜಾಗದಲ್ಲಿ ತೆಳು ತಂತಿ ಚುಚ್ಚಿ ನೋಡಬಹುದು. ಎಷ್ಟು ಆಳಕ್ಕೆ ಕಂಬಿ ಸಿಕ್ತು ಅಂತ ಗೊತ್ತಾಗುತ್ತೆ. ಹಸಿ ಇದ್ದಾಗಲೇ ಆದ್ರೆ ಎತ್ತಿ ಕೂರಿಸಿ ಆ ಜಾಗಕ್ಕೆ ಮತ್ತೆ ವೈಬ್ರೇಟರ್ ಹಿಡೀಬಹುದು. ಗಟ್ಟಿಯಾದ ಮೇಲೆ ಕವರ್ ಮೀಟರ್ ತಂದು ಅಳತೆ ಓದಬಹುದು, ಅಷ್ಟೇ. ಕಂಬಿ ಮೇಲೆ ಬರಲ್ಲ.

ಮೇಷ್ಟ್ರು: ಅಂದ್ರೆ 'ವೀಕ್ಷಣೆ' ಅನ್ನೋ ತಲೆಬರಹದ ಕೆಳಗೆ ಹೀಗಿರಬೇಕು: "ದಾರದಿಂದ ಕಂಬಿಗೆ ತೊಲೆ ಬಳಿ 45 ಮಿಮೀ, ಇರಬೇಕಾದದ್ದು 20. ಎರಡು ಚೇರ್ ವಾಲಿದ್ದವು. ಎತ್ತಿ ಕಟ್ಟಿದ ಮೇಲೆ 22." ಮೂರೇ ವಾಕ್ಯ. ವೈವಾದಲ್ಲಿ ನಾನು ಏನು ಕೇಳಿದರೂ ಹುಡುಗನ ಹತ್ತಿರ ಉತ್ತರ ಇರುತ್ತೆ.

ಮೇಸ್ತ್ರಿ: 'ಕಲಿತ ಪಾಠ'ದಲ್ಲಿ ಏನು ಬರ್ದವ್ನೆ?

ಮೇಷ್ಟ್ರು: "ಒಗ್ಗಟ್ಟಿನಲ್ಲಿ ಬಲವಿದೆ."

ಮೇಸ್ತ್ರಿ: ಒಗ್ಗಟ್ಟಾಗಿ ಹತ್ತಿ ತುಳಿದಿದ್ದಕ್ಕೇ ಅಲ್ವಾ ಕಂಬಿ ಕೆಳಗೆ ಹೋಗಿದ್ದು! ಅದು ಬಿಡಿ, ಸಪೋರ್ಟ್ ತೆಗೆಯೋದು ಬರ್ದವ್ನಾ?

ಇಂಜಿನಿಯರ್: "ಸಪೋರ್ಟ್ ತೆಗೆಯಲಾಯಿತು." ಯಾವ ಕಡೆಯಿಂದ ಅಂತ ಇಲ್ಲ.

ಮೇಸ್ತ್ರಿ: ಅದೇ ಮುಖ್ಯ ಸಾರ್. ಹೊರತುದಿಯಿಂದ ಶುರು ಮಾಡಿ ತೊಲೆ ಕಡೆ ಬರಬೇಕು. ತೊಲೆ ಹತ್ತಿರದ್ದು ಮೊದಲು ತೆಗೆದು ತುದಿದು ಹಂಗೇ ಬಿಟ್ರೆ, ಬಾಲ್ಕನಿ ತೊಲೆ ಮತ್ತೆ ತುದಿ ಸಪೋರ್ಟ್ ಎರಡರ ನಡುವೆ ಕೂತ ಸ್ಲ್ಯಾಬ್ ಆಗುತ್ತೆ. ಆಗ ಎಳೆತ ತಳಕ್ಕೆ, ಅಲ್ಲಿ ಕಂಬಿ ಇಲ್ಲ.

ಮೇಷ್ಟ್ರು: ನೋಡಿ, ಹುಡುಗನ ಚಿತ್ರ ಸರಿಹೋಗೋದು ಆ ಒಂದು ತಪ್ಪು ಕ್ಷಣದಲ್ಲಿ ಮಾತ್ರ.

ಇಂಜಿನಿಯರ್: ಇನ್ನೊಂದಿದೆ ಮೇಷ್ಟ್ರೇ. ಕ್ಯೂಬ್ ಹಾಕಿದ್ದು 20ನೇ ತಾರೀಕು. 28 ದಿನದ ಫಲಿತಾಂಶ ಅಂತ ಮುಂದಿನ ತಿಂಗಳು 5ನೇ ತಾರೀಕಿಗೇ ಕೊಟ್ಟಿದ್ದಾನೆ.

ಮೇಸ್ತ್ರಿ: ಕ್ಯೂರಿಂಗ್ ಸ್ಪೀಡಾಗಿ ಆಗಿರ್ಬೇಕು.

ಮೇಷ್ಟ್ರು: ಇಂಟರ್ನ್‌ಶಿಪ್ ಮುಗಿದಿದ್ದು 6ಕ್ಕೆ, ಕ್ಯೂಬ್ ಅಷ್ಟರೊಳಗೆ ಹೇಗೋ ಒಪ್ಪಿಕೊಂಡಿದೆ. 7 ದಿನದ ಫಲಿತಾಂಶ ಕೈಲಿದ್ದರೆ ಅದನ್ನು ಬರೀಲಿ. 28ರ ಕಾಲಮ್ಮಿನಲ್ಲಿ "ಬಂದಿಲ್ಲ" ಅಂತ ಹಾಕಲಿ, ನಾನು ಮಾರ್ಕ್ಸ್ ಕಡಿಯಲ್ಲ.

ಇಂಜಿನಿಯರ್: ಹಾಗೇನೇ, ಅವನು ಹೊರಡೋವರೆಗೂ ಸಪೋರ್ಟ್ ಅಲ್ಲೇ ಇತ್ತು, ನಂಗೆ ಗೊತ್ತು. ಆ "ತೆಗೆಯಲಾಯಿತು" ಕೂಡ ಹೊಡೆದುಹಾಕಿಸಿ.

ಮೇಸ್ತ್ರಿ: ಅಂಗೆಲ್ಲ ಹೊಡೆದುಹಾಕ್ತಾ ಹೋದ್ರೆ ಕೃತಜ್ಞತೆ ಎರಡು ಪುಟ ಮಾತ್ರ ಉಳಿಯುತ್ತೆ ಸಾರ್. ಅದರಲ್ಲಾದ್ರೂ ನನ್ನ ಹೆಸರಿದೆಯಾ ನೋಡಿ.