ಪದಚರ್ಚೆ: ಖಾರದ ಪುಡಿಯ ಲೆಕ್ಕದಲ್ಲಿ ‘ವೇಸ್ಟೇಜ್’ಗೆ ಏನನ್ನುವುದು?

ಬಳಗದವರಿಗೆ ನಮಸ್ಕಾರ.

ಮಂಡ್ಯದ ಹತ್ತಿರ ನಮ್ಮ ಅತ್ತಿಗೆ ಮತ್ತು ಇನ್ನು ನಾಲ್ವರು ಹೆಂಗಸರು ಸೇರಿ ಖಾರದ ಪುಡಿ, ಹುಳಿಪುಡಿ ಮಾಡಿ ಅಂಗಡಿಗಳಿಗೆ ಹಾಕುತ್ತಾರೆ. ಲೆಕ್ಕದ ಪುಸ್ತಕಕ್ಕೆ ಗೆರೆ ಹಾಕಿಕೊಡುವ ಕೆಲಸ ನನ್ನದು. ಇದುವರೆಗೆ ಅದರಲ್ಲಿ ಇದ್ದದ್ದು ಮೂರೇ ಕಾಲಂ: ತಂದದ್ದು, ಮಾರಿದ್ದು, ವೇಸ್ಟೇಜ್. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು ಮೂರನೆಯದರಲ್ಲಿ ಬರೆದುಬಿಡುತ್ತಿದ್ದರು. ಕಳೆದ ಸಲ 50 ಕಿಲೋ ಬ್ಯಾಡಗಿ ಮೆಣಸಿನಕಾಯಿ ತಂದು 200 ಗ್ರಾಮಿನ 205 ಪೊಟ್ಟಣ ಮಾಡಿದರು. ಅಂದರೆ 41 ಕಿಲೋ. ಉಳಿದ 9 ಕಿಲೋ ಎಲ್ಲಿ ಎಂದರೆ, ‘ಬಿಸಿಲಿಗೆ ಹಾಕುತ್ತೇವಲ್ಲ, ಒಣಗಿತು’ ಎಂದರು.

ನನಗೆ ಎರಡು ಪದ ಬೇಕು. ಇಂತಿಷ್ಟು ಕಾಯಿಗೆ ಇಂತಿಷ್ಟು ಪುಡಿ ಬಂತು ಎನ್ನುವುದಕ್ಕೆ ‘ಇಳುವರಿ’ ಎನ್ನಬಹುದೇ? ‘ವೇಸ್ಟೇಜ್’ಗೆ ‘ನಷ್ಟ’ ಎಂದು ಬರೆದರೆ ಅತ್ತಿಗೆ ಸಿಟ್ಟಾಗುತ್ತಾರೆ. ನಷ್ಟ ಎಂದರೆ ದುಡ್ಡು ಕಳೆದುಕೊಂಡ ಹಾಗೆ, ತೊಟ್ಟು ಬಿಡಿಸಿ ಎಸೆದದ್ದು ನಷ್ಟ ಹೇಗಾಗುತ್ತದೆ ಎಂಬುದು ಅವರ ವಾದ.

*

ಮೈಸೂರಿನಿಂದ, ಕನ್ನಡ ಅಧ್ಯಾಪಕರೊಬ್ಬರು:

ಇಳುವರಿ ಬೇಡ. ಅದು ಹೊಲದ ಮಾತು. ಎಕರೆಗೆ ಇಷ್ಟು ಕ್ವಿಂಟಾಲ್ ಭತ್ತ ಎನ್ನುವಲ್ಲಿ ಸರಿ, ಗಿರಣಿಯಲ್ಲಿ ಸಲ್ಲದು. ಅಡುಗೆಮನೆಯಲ್ಲೇ ಒಳ್ಳೆಯ ಮಾತೊಂದಿದೆ. ‘ಈ ಅಕ್ಕಿ ಚೆನ್ನಾಗಿ ಒದಗುತ್ತದೆ’ ಎನ್ನುತ್ತೇವಲ್ಲ? ಒದಗಿದ್ದು ಎಂದು ಬರೆಯಿರಿ. ‘ವೇಸ್ಟೇಜ್’ಗೆ ತೇಮಾನು. ಅಕ್ಕಸಾಲಿಗರು ಇಂದಿಗೂ ಬಳಸುತ್ತಾರೆ.

*

ರೇಷ್ಮೆ ನೂಲು ಬಿಚ್ಚಾಣಿಕೆಯಲ್ಲಿರುವವರೊಬ್ಬರು:

ನಮ್ಮಲ್ಲಿ ಇದಕ್ಕೆ ‘ರೆಂಡಿಟ್ಟಾ’ ಎನ್ನುತ್ತೇವೆ. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕಾಯಿತು ಎಂಬ ಲೆಕ್ಕ. ಆರೂವರೆ ಬಂದರೆ ಖುಷಿ, ಎಂಟು ದಾಟಿದರೆ ಗೂಡು ಕೊಂಡವನ ಮುಖ ನೋಡುವ ಹಾಗಿಲ್ಲ. ಸಂಖ್ಯೆ ಇಳಿದಷ್ಟೂ ಲಾಭ. ನೀವೂ ಅದನ್ನೇ ಇಟ್ಟುಕೊಳ್ಳಿ, ಹೊಸ ಪದ ಯಾಕೆ ಹುಡುಕುತ್ತೀರಿ?

*

ಮಂಡ್ಯದಿಂದ, ಸಕ್ಕರೆ ಕಾರ್ಖಾನೆಯಲ್ಲಿ ಲೆಕ್ಕ ಬರೆದು ನಿವೃತ್ತರಾದವರು:

ಅಧ್ಯಾಪಕರ ಮಾತು ಅರ್ಧ ಸರಿ. ಆದರೆ ಮಂಡ್ಯದಲ್ಲಿ ಕೂತು ‘ಇಳುವರಿ ಹೊಲದ ಮಾತು’ ಎಂದರೆ ಕಬ್ಬು ಬೆಳೆಗಾರರು ನಕ್ಕಾರು. ಇಲ್ಲಿ ಎಕರೆಗೆ ಎಷ್ಟು ಟನ್ ಕಬ್ಬು ಎನ್ನುವುದೂ ಇಳುವರಿ, ನೂರು ಕಿಲೋ ಕಬ್ಬಿಗೆ ಎಷ್ಟು ಕಿಲೋ ಸಕ್ಕರೆ ಎನ್ನುವುದೂ ಇಳುವರಿ. ಕಬ್ಬಿನ ಬೆಲೆಯೇ ಈ ಎರಡನೆಯ ಇಳುವರಿಯ ಮೇಲೆ ನಿಂತಿದೆ. ಪುಡಿಗೂ ಧಾರಾಳವಾಗಿ ಬರೆಯಬಹುದು.

‘ವೇಸ್ಟೇಜ್’ಗೆ ಮಾತ್ರ ಒಂದು ಪದ ಹುಡುಕಬೇಡಿ. ಆ ಒಂದು ಪದವೇ ನಿಮ್ಮ ತೊಂದರೆ. ಮುಂದಿನ ಚೀಲಕ್ಕೆ ಹೀಗೆ ಮಾಡಿ: ಚೀಲ ಬಿಚ್ಚಿದ ಕೂಡಲೇ ಕಾಯಿ ಮಾತ್ರ ತೂಗಿ. ತೊಟ್ಟು, ಕೊಳೆತದ್ದು ತೆಗೆದು ತೂಗಿ. ಬಿಸಿಲಿನಿಂದ ಎತ್ತಿದ ಮೇಲೆ ತೂಗಿ. ಗಿರಣಿಯಿಂದ ಬಂದ ಪುಡಿ ತೂಗಿ. ಕೊನೆಗೆ ಹತ್ತು ಪೊಟ್ಟಣ ಎತ್ತಿಕೊಂಡು ಒಂದೊಂದನ್ನೇ ಒಳ್ಳೆಯ ತಕ್ಕಡಿಯಲ್ಲಿ ಇಟ್ಟು ನೋಡಿ. ಐದು ಸಲ ತೂಗಿದರೆ ನಿಮ್ಮ 9 ಕಿಲೋ ಐದು ತುಂಡಾಗುತ್ತದೆ. ಹೆಸರಿನ ಮಾತು ಆಮೇಲೆ.

*

ಪ್ರಶ್ನೆ ಕೇಳಿದವನ ಉತ್ತರ, ಎರಡು ವಾರದ ನಂತರ:

ತೂಗಿದೆವು. ಈ ಸಲವೂ 50 ಕಿಲೋ, ಈ ಸಲವೂ 205 ಪೊಟ್ಟಣ. ಮಂಡಿಯವರು ಬಿಲ್ಲಿನಲ್ಲಿ ಬರೆದದ್ದು ಚೀಲದ ಸಮೇತ ತೂಕ. ಚೀಲ ತೆಗೆದರೆ 49 ಕಿಲೋ 200 ಗ್ರಾಂ. ತೊಟ್ಟು, ಬಿಳಿಚಿದ ಕಾಯಿ, ಮಣ್ಣು ಸೇರಿ 3 ಕಿಲೋ 600 ಗ್ರಾಂ ಹೋಯಿತು. ಎರಡು ದಿನದ ಬಿಸಿಲಿಗೆ 2 ಕಿಲೋ. ‘ಒಣಗಿತು’ ಎಂಬುದರ ಪಾಲು ಇಷ್ಟೇ. ಗಿರಣಿಗೆ ಹಾಕಿದ್ದು 43 ಕಿಲೋ 600, ಬಂದದ್ದು 42 ಕಿಲೋ 900.

ಆ 42 ಕಿಲೋ 900 ಗ್ರಾಮಿಗೆ 214 ಪೊಟ್ಟಣ ಆಗಬೇಕಿತ್ತು, ಆದದ್ದು 205. ಹತ್ತು ಪೊಟ್ಟಣ ತೂಗಿ ನೋಡಿದರೆ ಕವರು ಬಿಟ್ಟು ಸರಾಸರಿ 207 ಗ್ರಾಂ. ಕಾರಣ ನಮ್ಮ ತಕ್ಕಡಿ. ಅದು ಐದೈದು ಗ್ರಾಮಿಗೆ ಮಾತ್ರ ಅಂಕಿ ಬದಲಿಸುತ್ತದೆ, 205 ಆದ ಮೇಲೆ ನೇರ 210. ಕವರಿನ ತೂಕವೇ 3 ಗ್ರಾಂ, ಕಡಿಮೆ ಬಿದ್ದು ಅಂಗಡಿಯವರು ಬೈದಾರು ಎಂದು 210 ಕಾಣುವವರೆಗೆ ತುಂಬುತ್ತಿದ್ದರು. ಪೊಟ್ಟಣಕ್ಕೆ 7 ಗ್ರಾಮಿನಂತೆ ಸುಮಾರು 1 ಕಿಲೋ 435 ಗ್ರಾಂ ಪುಡಿ ಬಿಟ್ಟಿ ಹೋಗಿದೆ. ಮೇಜಿನ ಮೇಲೆ ಚೆಲ್ಲಿದ್ದು, ತಟ್ಟೆಯಲ್ಲಿ ಉಳಿದದ್ದು ಎಲ್ಲ ಸೇರಿದರೂ ಅರ್ಧ ಕಿಲೋ ಇಲ್ಲ. ಕಸದ ಬುಟ್ಟಿಯನ್ನೇ ನೋಡುತ್ತಿದ್ದ ನಮಗೆ ಇದು ಹೇಗೆ ಕಂಡೀತು? ಅದು ಬುಟ್ಟಿಗೆ ಹೋಗಲೇ ಇಲ್ಲ, ಗಿರಾಕಿಯ ಡಬ್ಬಿಗೆ ಹೋಯಿತು.

ಈಗ ಒಂದು ಗ್ರಾಂ ತೋರಿಸುವ ತಕ್ಕಡಿ ತಂದು, ಖಾಲಿ ಕವರು ಇಟ್ಟು ಸೊನ್ನೆ ಮಾಡಿ, 201 ಅಥವಾ 202ಕ್ಕೆ ನಿಲ್ಲಿಸುತ್ತಿದ್ದಾರೆ. ಸರಾಸರಿ 200ಕ್ಕಿಂತ ಇಳಿಯಬಾರದು ಎಂಬ ಕಾನೂನಿದೆ, ಅಲ್ಲಿ ಕೈ ಬಿಗಿ ಮಾಡುವಂತಿಲ್ಲ.

ಈ 7 ಗ್ರಾಮಿಗೆ ಏನು ಹೆಸರು?

*

ಅದೇ ಲೆಕ್ಕದವರು:

ಗಿರಣಿಯಲ್ಲಿ ಕಡಿಮೆ ಬಂದ 700 ಗ್ರಾಮನ್ನು ಪೂರ್ತಿ ಹೋಯಿತು ಎಂದು ಬರೆಯಬೇಡಿ. ಒಂದಷ್ಟು ದೂಳಾಗಿ ಹಾರುತ್ತದೆ, ಒಂದಷ್ಟು ಗಿರಣಿಯ ಒಳಗೋಡೆಗೆ ಮೆತ್ತಿಕೊಂಡಿರುತ್ತದೆ. ತೊಳೆದು ಒಣಗಿಸಿದ ಮರುದಿನದ ಮೊದಲ ಚೀಲ ಯಾವಾಗಲೂ ಕಡಿಮೆ ಕೊಡುತ್ತದೆ. ಒಂದು ಚೀಲ ನೋಡಿ ತೀರ್ಮಾನಿಸದೆ, ತೊಳೆದ ದಿನದಿಂದ ಮತ್ತೆ ತೊಳೆಯುವ ದಿನದವರೆಗಿನ ಒಟ್ಟು ನೋಡಿ. ಇನ್ನೊಂದು: ಆಷಾಢ ಶ್ರಾವಣದಲ್ಲಿ ಪುಡಿ ಗಾಳಿಯ ತೇವ ಹೀರಿ ತೂಕ ಕೂಡುತ್ತದೆ. ಆಗ ಇಳುವರಿ ಏರಿತೆಂದು ಹಿಗ್ಗಬೇಡಿ, ಆ ಪುಡಿ ಬೇಗ ಗಂಟುಕಟ್ಟುತ್ತದೆ.

ರೆಂಡಿಟ್ಟಾ ಸಲಹೆಯ ಬಗ್ಗೆ: ಅದು ತಿರುಗಿಸಿ ಹೇಳುವ ಲೆಕ್ಕ, ಇಳಿದರೆ ಒಳ್ಳೆಯದು. ಇಳುವರಿ ಏರಿದರೆ ಒಳ್ಳೆಯದು. ಎರಡನ್ನೂ ಒಂದೇ ಪುಸ್ತಕದಲ್ಲಿ ಬರೆದರೆ ಹೆಂಗಸರು ನಿಮ್ಮನ್ನೇ ಗಿರಣಿಗೆ ಹಾಕುತ್ತಾರೆ.

*

ಮೈಸೂರಿನ ದೇವರಾಜ ಮಾರುಕಟ್ಟೆ ಬಳಿ ಹುಟ್ಟಿ ಬೆಳೆದ ಒಬ್ಬರು:

ಆ 7 ಗ್ರಾಂ ಕೊಸರು! ಹೂವಿನವಳು ಮೊಳ ಹಾಕಿ, ಮೇಲೆ ನಾಲ್ಕು ಬೆರಳು ಬಿಡುತ್ತಾಳಲ್ಲ, ಅದು. ನಮ್ಮಮ್ಮ ಕೊಸರು ಕೇಳದೆ ಸೊಪ್ಪು ಕೊಂಡವರಲ್ಲ.

*

ಅಧ್ಯಾಪಕರು:

ಇಳುವರಿಯ ವಿಷಯದಲ್ಲಿ ತಿದ್ದಿಕೊಂಡೆ. ಕೊಸರು ಮಾತ್ರ ಒಪ್ಪುವುದಿಲ್ಲ. ಕೊಸರು ಗೊತ್ತಿದ್ದು ಕೊಡುವುದು, ಕೊಂಡವರಿಗೂ ಗೊತ್ತಾಗುವುದು. ಅದರಿಂದ ಗಿರಾಕಿ ಮತ್ತೆ ಬರುತ್ತಾನೆ. ಇಲ್ಲಿ ಕೊಟ್ಟವರಿಗೂ ತಿಳಿಯಲಿಲ್ಲ, ಪಡೆದವರಿಗೂ ತಿಳಿಯಲಿಲ್ಲ. ‘ಹೆಚ್ಚುತೂಕ’ ಎಂದರೆ ಸಾಕು. ಮತ್ತೆ, ತೇಮಾನನ್ನು ಯಾಕೆ ಯಾರೂ ಎತ್ತಲಿಲ್ಲ?

*

ಪ್ರಶ್ನೆ ಕೇಳಿದವನು:

ತೇಮಾನು ಎಂದದ್ದಕ್ಕೆ ಅತ್ತಿಗೆ ‘ನಾವೇನು ಬಳೆ ಮಾಡುತ್ತೇವೆಯೇ?’ ಎಂದರು. ಸದ್ಯ ಹೊಸ ಪುಸ್ತಕದ ಕಾಲಂಗಳಿಗೆ ಅವರೇ ಹೆಸರಿಟ್ಟಿದ್ದಾರೆ: ಚೀಲದ ತೂಕ, ಆಯ್ದು ಎಸೆದದ್ದು, ಒಣಗಿದ್ದು, ಗಿರಣಿ ತಿಂದದ್ದು, ಚೆಲ್ಲಿದ್ದು. ಆರನೆಯದಕ್ಕೆ ನಾನು ‘ಹೆಚ್ಚುತೂಕ’ ಎಂದು ಬರೆದಿದ್ದೆ. ನಿನ್ನೆ ಹೋಗಿ ನೋಡಿದರೆ ಅದನ್ನು ಹೊಡೆದುಹಾಕಿ ಪೆನ್ಸಿಲಿನಲ್ಲಿ ‘ಕೊಸರು’ ಎಂದು ಬರೆದಿದ್ದರು.