ದಿಕ್ಕು ಸರಿ, ಕಾರಣ ಊಹೆ: ಇಂಥ ಉತ್ತರವನ್ನು ಹೇಗೆ ತಿದ್ದುವುದು?

ವಿಮಲಾ
ಟೆಸ್ಟಿನಲ್ಲಿ ಕೊಟ್ಟ ಪ್ರಶ್ನೆ: ನೆಲಕ್ಕೆ ಸಮಾಂತರವಾಗಿ ಹಿಡಿದ ತಾಮ್ರದ ಬಳೆಯ ಮೂಲಕ ಒಂದು ದಂಡಕಾಂತ ಕೆಳಗೆ ಬೀಳುತ್ತದೆ, ಅದರ ಉತ್ತರ ಧ್ರುವ ಕೆಳಗಿದೆ. ಮೇಲಿನಿಂದ ನೋಡಿದರೆ ಬಳೆಯಲ್ಲಿ ಕರೆಂಟ್ ಯಾವ ದಿಕ್ಕಿಗೆ? ತುಂಬಾ ಮಕ್ಕಳು "ಹತ್ತಿರ ಬರುವಾಗ ಅಪ್ರದಕ್ಷಿಣ, ದಾಟಿ ಹೋಗುವಾಗ ಪ್ರದಕ್ಷಿಣ" ಅಂತ ಸರಿಯಾಗಿಯೇ ಬರೆದಿದ್ದಾರೆ. ಆದರೆ ಕಾರಣ ಓದಿದರೆ ಅರ್ಧ ಜನ ಊಹಿಸಿದ್ದಾರೆ ಅನ್ನಿಸುತ್ತಿದೆ. ಯೋಚಿಸಿ ಬರೆದವರು ಯಾರು, ಊಹಿಸಿದವರು ಯಾರು ಅಂತ ಹೇಗೆ ಗುರುತಿಸುತ್ತೀರಿ?

ಹರೀಶ
ಇದರಲ್ಲಿ ಗುರುತಿಸುವುದೇನಿದೆ ಮೇಡಂ? "ಲೆಂಝ್ ನಿಯಮದ ಪ್ರಕಾರ" ಅಂತ ಬರೆದು ದಿಕ್ಕು ಸರಿ ಹೇಳಿದ್ದರೆ ಪೂರ್ತಿ ಅಂಕ ಕೊಡಿ. ನಿಯಮ ಸರಳ. ಪ್ರೇರಿತ ಕರೆಂಟ್ ತನ್ನ ಕ್ಷೇತ್ರವನ್ನು ಕಾಂತದ ಕ್ಷೇತ್ರಕ್ಕೆ ಎದುರಾಗಿ ಹುಟ್ಟಿಸುತ್ತದೆ. ಕಾಂತದ್ದು ಕೆಳಮುಖ, ಬಳೆಯದ್ದು ಮೇಲ್ಮುಖ, ಆದ್ದರಿಂದ ಅಪ್ರದಕ್ಷಿಣ.

ಗುರುಪಾದ
ಹರೀಶ್, ನೀವು ಹೇಳಿದ್ದು ಮೊದಲರ್ಧಕ್ಕೆ ಸರಿಹೊಂದುತ್ತದೆ. ಈಗ ಅದೇ ಮಾತನ್ನು ಎರಡನೇ ಅರ್ಧಕ್ಕೆ ಹಚ್ಚಿ ನೋಡಿ. ಕಾಂತ ಬಳೆಯನ್ನು ದಾಟಿ ಕೆಳಗೆ ಹೋದ ಮೇಲೆ ಬಳೆಗೆ ಹತ್ತಿರ ಇರುವುದು ಮೇಲ್ತುದಿಯ ದಕ್ಷಿಣ ಧ್ರುವ. ಕ್ಷೇತ್ರರೇಖೆಗಳು ಮೇಲಿನಿಂದ ಬಂದು ಅದರೊಳಗೆ ಹೋಗುತ್ತವೆ. ಅಂದರೆ ಬಳೆಯ ಮೂಲಕ ಹಾಯುವ ಕ್ಷೇತ್ರ ಈಗಲೂ ಕೆಳಮುಖವೇ! "ಕ್ಷೇತ್ರಕ್ಕೆ ಎದುರು" ಅಂತ ಹಿಡಿದರೆ ಎರಡೂ ಸಲ ಅಪ್ರದಕ್ಷಿಣ ಬರಬೇಕು. ಬರುವುದಿಲ್ಲ.

ಬಳೆ ಎದುರಿಸುವುದು ಕ್ಷೇತ್ರವನ್ನಲ್ಲ, ತನ್ನ ಮೂಲಕ ಹಾಯುವ ಫ್ಲಕ್ಸ್ ಬದಲಾಗುವುದನ್ನು. ಕಾಂತ ಹತ್ತಿರ ಬರುವಾಗ ಕೆಳಮುಖದ ಫ್ಲಕ್ಸ್ ಏರುತ್ತಿದೆ, ಆ ಏರಿಕೆಯನ್ನು ತಡೆಯಲು ಬಳೆ ಮೇಲ್ಮುಖದ ಕ್ಷೇತ್ರ ಕೊಡುತ್ತದೆ. ದೂರ ಹೋಗುವಾಗ ಅದೇ ಕೆಳಮುಖದ ಫ್ಲಕ್ಸ್ ಇಳಿಯುತ್ತಿದೆ, ಇಳಿಕೆಯನ್ನು ತುಂಬಲು ಬಳೆಯೂ ಕೆಳಮುಖದ ಕ್ಷೇತ್ರವನ್ನೇ ಕೊಡುತ್ತದೆ, ಅದಕ್ಕೇ ಪ್ರದಕ್ಷಿಣ. ಕಾಂತದ ನಡುಭಾಗ ಬಳೆಯ ಮಟ್ಟಕ್ಕೆ ಬಂದ ಆ ಗಳಿಗೆಯಲ್ಲಿ ಫ್ಲಕ್ಸ್ ಗರಿಷ್ಠ, ಬದಲಾವಣೆಯ ದರ ಸೊನ್ನೆ, ಹಾಗಾಗಿ ಕರೆಂಟೂ ಸೊನ್ನೆ. ದಿಕ್ಕು ತಿರುಗುವುದು ಅಲ್ಲಿಯೇ.

ವಿಮಲಾ ಮೇಡಂ, ನಾನು ಉತ್ತರಪತ್ರಿಕೆಯಲ್ಲಿ "ಏರುತ್ತಿದೆ" ಅಥವಾ "ಇಳಿಯುತ್ತಿದೆ" ಅನ್ನುವ ಮಾತು ಇದೆಯಾ ಅಂತ ಮೊದಲು ಹುಡುಕುತ್ತೇನೆ. ಅದೊಂದು ಇಲ್ಲದಿದ್ದರೆ ನಿಯಮದ ಹೆಸರು ಎಷ್ಟು ಸಲ ಬರೆದಿದ್ದರೂ ಅನುಮಾನ ಹೋಗುವುದಿಲ್ಲ.

ವಿಮಲಾ
ಹೆಚ್ಚು ಜನ ಬರೆದದ್ದು ಇನ್ನೊಂದು ತರಹ ಸರ್. "ಮೊದಲು ಉತ್ತರ ಧ್ರುವ ಬರುತ್ತದೆ, ಆಮೇಲೆ ದಕ್ಷಿಣ ಧ್ರುವ ಬರುತ್ತದೆ, ಧ್ರುವ ಬದಲಾದ್ದರಿಂದ ಕರೆಂಟೂ ಬದಲಾಗುತ್ತದೆ." ಉತ್ತರ ಸರಿಯಿದೆ, ಹಾಗಾಗಿ ಕೆಂಪು ಗೆರೆ ಎಳೆಯಲು ಕೈ ಬರುತ್ತಿಲ್ಲ.

ಗುರುಪಾದ
ಧೈರ್ಯವಾಗಿ ಎಳೆಯಿರಿ. ಅದು ತಪ್ಪು ದಾರಿಯಲ್ಲಿ ಸಿಕ್ಕ ಸರಿ ಉತ್ತರ. ಪರೀಕ್ಷಿಸಲು ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿದರೆ ಸಾಕು. ಉತ್ತರ ಧ್ರುವವನ್ನು ಮೇಲಿನಿಂದ ಬಳೆಯ ಹತ್ತಿರ ತನ್ನಿ, ದಾಟಿಸದೆ ಮೇಲಕ್ಕೇ ವಾಪಸ್ ಎಳೆಯಿರಿ. ಧ್ರುವ ಬದಲಾಗಲೇ ಇಲ್ಲ, ಆದರೂ ಕರೆಂಟ್ ತಿರುಗುತ್ತದೆ. ಈಗ ಇನ್ನೊಂದು. ಉತ್ತರ ಧ್ರುವವನ್ನು ಮೇಲಿನಿಂದ ಹತ್ತಿರ ತರುವುದನ್ನೂ, ಮೇಲೆಯೇ ಇರುವ ದಕ್ಷಿಣ ಧ್ರುವವನ್ನು ಮೇಲಕ್ಕೆ ದೂರ ಒಯ್ಯುವುದನ್ನೂ ಹೋಲಿಸಿ. ಧ್ರುವ ಬೇರೆ ಬೇರೆ, ಆದರೆ ಎರಡರಲ್ಲೂ ಕರೆಂಟ್ ಅಪ್ರದಕ್ಷಿಣ. ಮೊದಲನೆಯದರಲ್ಲಿ ಕೆಳಮುಖದ ಫ್ಲಕ್ಸ್ ಏರುತ್ತಿದೆ, ಎರಡನೆಯದರಲ್ಲಿ ಮೇಲ್ಮುಖದ ಫ್ಲಕ್ಸ್ ಇಳಿಯುತ್ತಿದೆ, ಎರಡಕ್ಕೂ ಬಳೆ ಕೊಡಬೇಕಾದದ್ದು ಮೇಲ್ಮುಖದ ಕ್ಷೇತ್ರವೇ. "ಧ್ರುವ ಬದಲಾಯಿತು" ಅಂತ ಬರೆದ ಹುಡುಗ ಇಲ್ಲಿ ಖಂಡಿತ ಸಿಕ್ಕಿಹಾಕಿಕೊಳ್ಳುತ್ತಾನೆ.

ಸತ್ಯ
ಇಷ್ಟೆಲ್ಲ ವಾದ ಯಾಕೆ, ಲ್ಯಾಬಿಗೆ ಕರೆದುಕೊಂಡು ಹೋಗಿ ಗ್ಯಾಲ್ವನೋಮೀಟರ್ ತೋರಿಸಿ. ಕಾಂತ ಒಳಗೆ ಹೋದರೆ ಮುಳ್ಳು ಬಲಕ್ಕೆ, ಹೊರಗೆ ಬಂದರೆ ಎಡಕ್ಕೆ. ನಾನು ಪ್ರತಿ ವರ್ಷ ಮಾಡಿಸುತ್ತೇನೆ, ಮಕ್ಕಳು ಮರೆಯುವುದಿಲ್ಲ.

ಗುರುಪಾದ
ಮಾಡಿಸಿ ಸತ್ಯ ಸರ್, ಒಳ್ಳೆಯದೇ. ಆದರೆ ಮುಳ್ಳು ತೋರಿಸುವುದು ಕರೆಂಟ್ ತಿರುಗಿತು ಅನ್ನುವುದನ್ನು ಮಾತ್ರ. ಬಲಕ್ಕೆ ಹೋದದ್ದು ಪ್ರದಕ್ಷಿಣವೋ ಅಪ್ರದಕ್ಷಿಣವೋ ತಿಳಿಯಬೇಕಾದರೆ ಸುರುಳಿಯ ತಂತಿಯನ್ನು ಯಾವ ಕಡೆಗೆ ಸುತ್ತಿದ್ದಾರೆ, ಯಾವ ತುದಿ ಯಾವ ಟರ್ಮಿನಲ್‌ಗೆ ಹೋಗಿದೆ ಅಂತ ನೋಡಬೇಕು. ಮೊದಲು ಒಂದು ಸೆಲ್ಲಿಗೆ ದೊಡ್ಡ ರೋಧಕ ಸೇರಿಸಿ ಕೊಟ್ಟು, ಯಾವ ಟರ್ಮಿನಲ್ಲಿನಿಂದ ಕರೆಂಟ್ ಹೊಕ್ಕರೆ ಮುಳ್ಳು ಬಲಕ್ಕೆ ಹೋಗುತ್ತದೆ ಅಂತ ಗುರುತು ಮಾಡಿಕೊಳ್ಳಬೇಕು. ಅದಿಲ್ಲದೆ "ಒಳಗೆ ಅಂದರೆ ಬಲ" ಅಂತ ನೆನಪಿಟ್ಟುಕೊಂಡರೆ ಅದೂ ಊಹೆಯೇ. ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಮುಳ್ಳು ಉಲ್ಟಾ ಹೋಗುತ್ತದೆ.

ಸತ್ಯ
ತಂತಿ ಸುತ್ತಿದ ದಿಕ್ಕನ್ನು ನಮ್ಮಲ್ಲಿ ನೋಡುವುದಿಲ್ಲ, ಸುರುಳಿಗೆ ಮೇಲೆ ಟೇಪ್ ಸುತ್ತಿಬಿಟ್ಟಿದ್ದಾರೆ. ಒಂದನ್ನು ಬಿಚ್ಚಿ ಇಡುತ್ತೇನೆ.

ನಯನಾ
ನನ್ನದೂ ಇಂಥದ್ದೇ ಸಮಸ್ಯೆ, ಉತ್ತರ ಎಷ್ಟು ಬರಬೇಕು ಅಂತ ನೋಡಿ ಹೇಳಿ. ಪುಟದೊಳಕ್ಕೆ ಹೋಗುವ 0.5 ಟೆಸ್ಲಾ ಕ್ಷೇತ್ರದಿಂದ ಚೌಕಾಕಾರದ ಲೂಪನ್ನು ಬಲಕ್ಕೆ ಹೊರಗೆ ಎಳೆಯುತ್ತಿದ್ದಾರೆ. ಬಾಹು 0.1 ಮೀ, ವೇಗ ಸೆಕೆಂಡಿಗೆ 2 ಮೀ, ರೋಧ 0.2 ಓಮ್. ನನ್ನ ತಂಗಿಗೆ 0.5 ಆಂಪಿಯರ್, ಅಪ್ರದಕ್ಷಿಣ ಅಂತ ಬಂದಿದೆ.

ಹರೀಶ
ಇಲ್ಲಿ ಕೇಳಿದ್ದು ದಿಕ್ಕಿನ ಬಗ್ಗೆ. ನಿಮ್ಮ ಲೆಕ್ಕ ಸರಿಯಿದೆ: 0.5 × 0.1 × 2 = 0.1 ವೋಲ್ಟ್, ಅದನ್ನು 0.2ರಿಂದ ಭಾಗಿಸಿದರೆ 0.5 ಆಂಪಿಯರ್.

ಗುರುಪಾದ
ಲೆಕ್ಕ ಸರಿ, ದಿಕ್ಕು ತಪ್ಪು. ಬೀಳುವ ಕಾಂತಕ್ಕಿಂತ ಇದರಲ್ಲಿ ತಾಳೆ ನೋಡುವುದು ಸುಲಭ. ತಂಗಿ ಹೇಳಿದ ಅಪ್ರದಕ್ಷಿಣವನ್ನೇ ನಿಜ ಅಂತ ಇಟ್ಟುಕೊಳ್ಳಿ. ಕ್ಷೇತ್ರದೊಳಗೆ ಉಳಿದಿರುವ ಎಡಬಾಹುವಿನಲ್ಲಿ ಆಗ ಕರೆಂಟ್ ಪುಟದ ಮೇಲ್ತುದಿಯಿಂದ ಕೆಳತುದಿಗೆ ಹರಿಯುತ್ತದೆ, ಆ ಬಾಹುವಿನ ಮೇಲೆ ಬಲ ಬಲಗಡೆಗೆ ಬೀಳುತ್ತದೆ. ಅಂದರೆ ಎಳೆಯುವ ಕೈಗೆ ಕ್ಷೇತ್ರವೇ ಸಹಾಯ ಮಾಡುತ್ತಿದೆ. ಕೈ ಬಿಟ್ಟರೂ ಲೂಪ್ ತಾನೇ ವೇಗ ಹೆಚ್ಚಿಸಿಕೊಳ್ಳುತ್ತದೆ, ಜೊತೆಗೆ ತಂತಿಯೂ ಬಿಸಿಯಾಗುತ್ತದೆ. ಇದಕ್ಕೆಲ್ಲ ಶಕ್ತಿ ಎಲ್ಲಿಂದ ಬರಬೇಕು?

ಪ್ರದಕ್ಷಿಣ ಅಂತ ಹಿಡಿದರೆ ಬಲ ಎಡಕ್ಕೆ, 0.5 × 0.5 × 0.1 = 0.025 ನ್ಯೂಟನ್. ಅದಕ್ಕೆದುರಾಗಿ ಸೆಕೆಂಡಿಗೆ 2 ಮೀ ಎಳೆಯಲು 0.05 ವಾಟ್ ಬೇಕು. ತಂತಿಯಲ್ಲಿ ಶಾಖವಾಗಿ ಹೋಗುವುದು 0.5 × 0.5 × 0.2, ಅದೂ 0.05 ವಾಟ್. ಕೈ ಕೊಟ್ಟದ್ದಷ್ಟೂ ಶಾಖವಾಯಿತು. ಫ್ಲಕ್ಸ್ ಕಡೆಯಿಂದ ಬಂದರೂ ಇದೇ ಸಿಗುತ್ತದೆ: ಒಳಮುಖದ ಫ್ಲಕ್ಸ್ ಇಳಿಯುತ್ತಿದೆ, ಲೂಪ್ ಒಳಮುಖದ ಕ್ಷೇತ್ರ ಕೊಡಬೇಕು, ಅದಕ್ಕೆ ಕರೆಂಟ್ ಪ್ರದಕ್ಷಿಣವಾಗಬೇಕು.

ನಯನಾ
ಓ! ಕ್ಷೇತ್ರ ಒಳಕ್ಕೆ ಇದೆಯಲ್ಲ, ಅದಕ್ಕೆ ಎದುರು ಅಂದರೆ ಹೊರಕ್ಕೆ ಅಂತ ಬರೆದಿದ್ದಾಳೆ. ಹರೀಶ್ ಮೊದಲು ಹೇಳಿದ ಹಾಗೆಯೇ.

ಹರೀಶ
ಒಪ್ಪಿದೆ, "ಕ್ಷೇತ್ರಕ್ಕೆ ಎದುರು" ಅನ್ನುವುದು ಸಾಲದು. ಆದರೂ ಅಂಕದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಪ್ರಶ್ನೆಯಲ್ಲಿ ಕಾರಣ ಕೊಡಿ ಅಂತ ಕೇಳಿರದಿದ್ದರೆ ಬರೀ ದಿಕ್ಕು ಬರೆದವನಿಗೆ ಅಂಕ ಕಡಿಮೆ ಮಾಡುವುದು ಅನ್ಯಾಯ.

ಗುರುಪಾದ
ಏನೂ ಕಾರಣ ಬರೆಯದವನ ಬಗ್ಗೆ ನಾನೂ ನಿಮ್ಮ ಕಡೆಯೇ, ಅವನು ಮನಸ್ಸಿನಲ್ಲಿ ಸರಿಯಾಗಿ ಯೋಚಿಸಿರಬಹುದು. ತಪ್ಪು ಕಾರಣವನ್ನು ಬರೆದೇ ತೋರಿಸಿದವನಿಗೆ ಪೂರ್ತಿ ಅಂಕ ಕೊಡಲಾರೆ.

ವಿಮಲಾ
ನನಗೆ ಅದು ತಿರುವುಮುರುವು ಅನ್ನಿಸುತ್ತದೆ ಸರ್. ಕಾರಣ ಬರೆಯಲು ಪ್ರಯತ್ನಪಟ್ಟ ಮಗುವಿಗೆ ಕಡಿಮೆ, ಸುಮ್ಮನೆ ಒಂದು ಪದ ಬರೆದವನಿಗೆ ಪೂರ್ತಿ! ಈ ಸಲದ್ದನ್ನು ದಿಕ್ಕಿಗಷ್ಟೇ ಅಂಕ ಕೊಟ್ಟು, ತಪ್ಪು ಕಾರಣದ ಪಕ್ಕದಲ್ಲಿ "ಫ್ಲಕ್ಸ್ ಏರುತ್ತಿದೆಯೋ ಇಳಿಯುತ್ತಿದೆಯೋ?" ಅಂತ ಬರೆದು ವಾಪಸ್ ಕೊಡುತ್ತೇನೆ. ಮುಂದಿನ ಟೆಸ್ಟಿಗೆ, ದಕ್ಷಿಣ ಧ್ರುವವನ್ನು ಮೇಲಕ್ಕೆ ಒಯ್ಯುವ ನಿಮ್ಮ ಪ್ರಶ್ನೆಯನ್ನೇ ಹಾಕಿ "ಫ್ಲಕ್ಸಿನ ದಿಕ್ಕು, ಅದರ ಬದಲಾವಣೆ, ಬಳೆಯ ಕ್ಷೇತ್ರ, ಕರೆಂಟ್" ಅಂತ ನಾಲ್ಕು ಖಾನೆ ಕೊಡುತ್ತೇನೆ.

ಸತ್ಯ
ಖಾನೆ ಕೊಟ್ಟರೆ ದಾರಿಯನ್ನೇ ತೋರಿಸಿದ ಹಾಗಾಗುವುದಿಲ್ಲವಾ ಮೇಡಂ? ಅದರ ಬದಲು ಸೀಳಿದ ಬಳೆಯನ್ನೂ ಒಂದು ಕೊಡಿ. ಅಲ್ಲಿ ತುದಿಗಳ ನಡುವೆ ವೋಲ್ಟೇಜ್ ಇರುತ್ತದೆ, ಸುತ್ತ ಹರಿಯುವ ಕರೆಂಟ್ ಇರುವುದಿಲ್ಲ. ಊಹಿಸುವವನು ಅಲ್ಲೂ ಪ್ರದಕ್ಷಿಣ, ಅಪ್ರದಕ್ಷಿಣ ಅಂತ ಏನಾದರೊಂದು ಬರೆದೇ ಬರೆಯುತ್ತಾನೆ.