ಮೈನಸ್ ಹೇಳಿಕೊಟ್ಟ ಮೇಲೆ ಮಗಳ ತಪ್ಪು ಜಾಸ್ತಿ ಆಗಿದೆ, ಎಲ್ಲಿ ಎಡವಟ್ಟು?

ರಾತ್ರಿಪಾಳಿ
ತಲೆ ಕೆಟ್ಟು ಕೂತಿದೀನಿ. ಮಗಳಿಗೆ ಎರಡು ನಂಬರ್ ಮಧ್ಯೆ < ಅಥವಾ > ಹಾಕೋ ಲೆಕ್ಕ ಬರ್ತಿಲ್ಲ ಅಂತ ಎರಡು ಸಂಜೆ ಕೂರಿಸಿಕೊಂಡು ನಂಬರ್ ಲೈನ್ ಬರೆದು, ಎಡಕ್ಕೆ ಹೋದಷ್ಟೂ ಚಿಕ್ಕದು, ಮೈನಸ್ ಬಂದ್ರೆ ಎಲ್ಲಾ ಉಲ್ಟಾ ಅಂತ ಹೇಳಿಕೊಟ್ಟೆ, ಅರ್ಥ ಆಯ್ತಪ್ಪ ಅಂದ್ಲು. ಮೊದಲು 10ಕ್ಕೆ 6 ಬರ್ತಿತ್ತು, ಈಗ 10ಕ್ಕೆ 5. ಹೇಳಿಕೊಟ್ಟಿದ್ದೇ ತಪ್ಪಾಯ್ತಾ? ಏನು ಮಾಡ್ಲಿ?

ಗೋಡೆಲೈನ್
ಮೈನಸ್ ತಲೆಗೆ ಹತ್ತಿಲ್ಲ, ಅಷ್ಟೇ. ಸಾಲದ ಲೆಕ್ಕದಲ್ಲಿ ಹೇಳಿ. ಐದು ರೂಪಾಯಿ ಸಾಲ ಇರೋನಿಗಿಂತ ಮೂರು ರೂಪಾಯಿ ಸಾಲ ಇರೋನೇ ವಾಸಿ, ಅದಕ್ಕೇ −3 > −5. ನನ್ನ ಮಗನಿಗೆ ಇದೊಂದೇ ಸಾಕಾಯ್ತು.

ರಾತ್ರಿಪಾಳಿ
ಅದನ್ನೂ ಹೇಳಿದೀನಿ ಸಾರ್. −3, −5 ಈಗ ಸರಿ ಮಾಡ್ತಾಳೆ.

ಗೋಡೆಲೈನ್
ಹಾಗಾದ್ರೆ ಬಾಯಿಪಾಠ ಮಾಡಿರ್ತಾಳೆ, ಒಳಗೆ ಇಳಿದಿಲ್ಲ. ಇನ್ನೊಂದು 50 ಮೈನಸ್ ಲೆಕ್ಕ ಕೊಡಿ.

ಚುಕ್ಕಿಬಾಲ
ಚಿಹ್ನೆನೇ ಗೊಂದಲ ಇರಬಹುದು ನೋಡಿ. ಮೊಸಳೆ ಬಾಯಿ ದೊಡ್ಡ ನಂಬರ್ ಕಡೆ ತೆರೆಯುತ್ತೆ ಅಂತ ಹೇಳಿದೀರಾ?

ಸೆಮಿಕೋಲನ್
ಅಯ್ಯೋ ಮತ್ತೆ ಮೊಸಳೆ ಬಂತು. ಮೈನಸ್ ಲೆಕ್ಕದಲ್ಲಿ ಮೊಸಳೆ ಹೇಳಿದ್ರೆ ಮಗು ಕೇಳುತ್ತೆ, ಐದು ಜಾಸ್ತಿ ಅಲ್ವಾ ಅದನ್ನ ಯಾಕೆ ತಿನ್ನಲ್ಲ ಅಂತ. ನಂಬರ್ ಲೈನ್‌ನಲ್ಲಿ ಎಡಗಡೆ ಇರೋದನ್ನ ಎಡಗಡೆನೇ ಬರೆದ್ರೆ ಮಧ್ಯೆ ಯಾವಾಗ್ಲೂ < ಬರುತ್ತೆ, ಅಷ್ಟು ಸಾಕು.

ಚುಕ್ಕಿಬಾಲ
ಅದೂ ಕಷ್ಟನೇ. > ಅನ್ನೋದನ್ನ ಬಾಣ ಅಂದ್ಕೊಂಡು "ಬಲಗಡೆ ಇರೋದು ದೊಡ್ಡದು ಅಂತ ತೋರಿಸ್ತಿದೆ" ಅಂತ ಓದೋ ಮಕ್ಕಳನ್ನ ನಾನೇ ನೋಡಿದೀನಿ. ಮೊಸಳೆ ಎಷ್ಟೋ ವಾಸಿ.

ಹಳೇಸ್ಲೇಟು
ಮೊಸಳೆ ಆಮೇಲೆ. ರಾತ್ರಿಪಾಳಿಯವರೇ, ಎಷ್ಟು ತಪ್ಪಾಯ್ತು ಅಂದ್ರಿ, ಯಾವುದು ತಪ್ಪಾಯ್ತು ಅಂತ ಹೇಳಲೇ ಇಲ್ಲ. ಹಳೇ ಹಾಳೆ, ಹೊಸ ಹಾಳೆ ಎರಡರಲ್ಲೂ ಅವಳು ಏನು ಬರೆದಿದ್ದಾಳೋ ಹಾಗೇ ಹಾಕಿ, ತಿದ್ದಬೇಡಿ.

ರಾತ್ರಿಪಾಳಿ
ಎಲ್ಲಾ ಹಾಕಲ್ಲ, ಎರಡರಲ್ಲೂ ಇರೋ ನಾಲ್ಕು ಹಾಕ್ತೀನಿ.

ಮೊದಲು ಬರೆದಿದ್ದು
```
-3 < -5         ತಪ್ಪು
-0.4 < -0.35    ಸರಿ
-1.25 > -1.5    ಸರಿ
-0.62 > -0.48   ತಪ್ಪು
```
ಈಗ ಬರೆದಿದ್ದು
```
-3 > -5         ಸರಿ
-0.4 > -0.35    ತಪ್ಪು
-1.25 < -1.5    ತಪ್ಪು
-0.62 < -0.48   ಸರಿ
```
ಪಾಯಿಂಟ್ ಇರೋದು ಅಂತ ಹೇಳೋದು ಮರೆತಿದ್ದೆ, ಸಾರಿ, ಅದು ಮುಖ್ಯ ಅನ್ನಿಸಲಿಲ್ಲ.

ಗೋಡೆಲೈನ್
ನೋಡಿ, ಅರ್ಧ ಉಲ್ಟಾ ಮಾಡ್ತಾಳೆ ಅರ್ಧ ಮರೀತಾಳೆ. ನಾನು ಹೇಳಿದ್ದೇ. ಮೈನಸ್ಸೇ ಸಮಸ್ಯೆ.

ಹಳೇಸ್ಲೇಟು
ಇಲ್ಲ ಸಾರ್, ಅವಳು ಒಂದೂ ಮರೆತಿಲ್ಲ. ಎರಡು ಹಾಳೆ ಪಕ್ಕಪಕ್ಕ ಇಡಿ, ನಾಲ್ಕಕ್ಕೆ ನಾಲ್ಕೂ ಚಿಹ್ನೆ ತಿರುಗಿದೆ. ಅಂದ್ರೆ ಅಪ್ಪ ಹೇಳಿಕೊಟ್ಟ "ಉಲ್ಟಾ"ನ ಚಾಚೂ ತಪ್ಪದೆ ಪಾಲಿಸಿದ್ದಾಳೆ.

ತಪ್ಪು ಇರೋದು ಉಲ್ಟಾ ಮಾಡೋಕೂ ಮುಂಚೆ. ಅವಳು ಪಾಯಿಂಟ್ ಆದ್ಮೇಲೆ ಇರೋದನ್ನ ಇಡೀ ಸಂಖ್ಯೆ ಥರ ಓದ್ತಿದ್ದಾಳೆ. 0.35ರಲ್ಲಿ ಮೂವತ್ತೈದು, 0.4ರಲ್ಲಿ ಬರೀ ನಾಲ್ಕು, ಅದಕ್ಕೆ 0.35 ದೊಡ್ಡದು. ಮೊದಲು ಮೈನಸ್ ಕಡೆ ಗಮನನೇ ಕೊಡ್ತಿರಲಿಲ್ಲ, ಹಾಗಾಗಿ −0.35 ದೊಡ್ಡದು ಅಂತ ಬರೆದ್ಲು, ಅದು ಸರಿ ಉತ್ತರ! ಎರಡು ತಪ್ಪು ಸೇರಿ ಒಂದು ಸರಿ ಆಗಿತ್ತು. ನೀವು ಒಂದು ತಪ್ಪು ಸರಿ ಮಾಡಿದ್ರಿ, ಇನ್ನೊಂದು ಬಯಲಿಗೆ ಬಂತು. 0.62, 0.48ರಲ್ಲಿ ಪಾಯಿಂಟ್ ಆದ್ಮೇಲೆ ಎರಡೆರಡು ಅಂಕಿ ಇರೋದ್ರಿಂದ ಅವಳ ಓದು ಅಲ್ಲಿ ಕೈಕೊಡಲ್ಲ, ಅದಕ್ಕೇ ಈಗ ಸರಿ ಬಂದಿದೆ.

ನನ್ನ ಮಾತು ನಂಬಬೇಡಿ, ಕೇಳಿ ನೋಡಿ. ಮೈನಸ್ ಇಲ್ಲದೆ 0.4 ಮತ್ತು 0.35 ಕೊಡಿ, 0.3 ಮತ್ತು 0.45 ಕೊಡಿ, ಆಮೇಲೆ −0.6 ಮತ್ತು −0.60 ಕೊಡಿ. ಎರಡನೇದು ಯಾಕಂದ್ರೆ ಕೆಲವು ಮಕ್ಕಳು ಇದರ ಉಲ್ಟಾ ಯೋಚಿಸ್ತಾರೆ, ಅಂಕಿ ಕಮ್ಮಿ ಇದ್ರೆ ದೊಡ್ಡದು ಅಂತ. ಅಂಥವರು 0.3 ದೊಡ್ಡದು ಅಂತಾರೆ.

ಸೆಮಿಕೋಲನ್
ಇದು ಸಾಫ್ಟ್‌ವೇರ್ ವರ್ಶನ್ ನಂಬರ್ ಓದೋ ರೀತಿ ಅಲ್ವಾ! ಅಲ್ಲಿ 2.9 ಆದ್ಮೇಲೆ 2.10 ಬರುತ್ತೆ, ಹುಡುಗಿದು ತಪ್ಪೇ ಅಲ್ಲ, ಬೇರೆ ಊರಿನ ಕಾನೂನು ಇಲ್ಲಿ ಹಾಕಿದ್ದಾಳೆ. ನಂಗೂ ಇಂಥದ್ದೇ ಆಗಿತ್ತು, ಒಂದು ಪಟ್ಟಿನ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ರೆ −0.35 ಮೊದಲು −0.4 ಆಮೇಲೆ ಬರ್ತಿತ್ತು, ಅರ್ಧ ದಿನ ಹುಡುಕಿದೆ.
```
sorted(["-0.35", "-0.4"])
```
ಕೋಟ್ ಹಾಕಿದ್ದಕ್ಕೆ ಅಕ್ಷರ ಅಂದ್ಕೊಂಡು 3 ಮೊದಲು 4 ಆಮೇಲೆ ಅಂತ ಜೋಡಿಸಿತ್ತು. ಕೋಟ್ ತೆಗೆದ್ರೆ ಸರಿ.

ರಾತ್ರಿಪಾಳಿ
ಮೇಡಂ, ಕೇಳಿದೆ. 0.35 > 0.4 ಅಂತ ಬರೆದ್ಲು. 0.45 ದೊಡ್ಡದು ಅಂತ ಸರಿ ಹೇಳಿದ್ಲು. −0.6 > −0.60 ಅಂತೆ, ಯಾಕೆ ಅಂದ್ರೆ "ಅರವತ್ತು ಜಾಸ್ತಿ, ಮೈನಸ್ ಇದೆ, ಅದಕ್ಕೆ ಕಮ್ಮಿ". ನೀವು ಹೇಳಿದ ಹಾಗೇ. ಈಗ?

ಗೋಡೆಲೈನ್
ಸುಲಭ. ಕಮ್ಮಿ ಅಂಕಿ ಇರೋದಕ್ಕೆ ಕೊನೇಲಿ ಸೊನ್ನೆ ಸೇರಿಸಿ ಸಮ ಮಾಡಿ. −0.40, −0.35. ನಲವತ್ತು ಜಾಸ್ತಿ, ಉಲ್ಟಾ, ಮುಗೀತು.

ಹಳೇಸ್ಲೇಟು
ಉತ್ತರ ಬರುತ್ತೆ, ಸುಳ್ಳಲ್ಲ. ಆದ್ರೆ ಅವಳು ಅದೇ ಇಡೀ ಸಂಖ್ಯೆ ಓದೋದನ್ನೇ ಮುಂದುವರಿಸ್ತಾಳೆ, ಸೊನ್ನೆ ಯಾಕೆ ಹಾಕಬಹುದು ಅಂತ ಗೊತ್ತಾಗಲ್ಲ. ನಾನಾದ್ರೆ ಲೈನ್ ಮೇಲೆ ಮಾಡಿಸ್ತೀನಿ. 0ಯಿಂದ −1ರ ತನಕ ಹತ್ತು ಭಾಗ, ಎಡಕ್ಕೆ ನಾಲ್ಕನೇ ಗೆರೆ −0.4. ಈಗ −0.35 ಎಲ್ಲಿ ಅಂತ ಕೇಳಿ, ಹೆಚ್ಚಿನ ಮಕ್ಕಳು ಇಲ್ಲಿ ಜಾಗ ಇಲ್ಲ ಅಂತಾರೆ. ಆಗ −0.3 ಮತ್ತು −0.4ರ ಮಧ್ಯದ ಒಂದೇ ಒಂದು ಭಾಗನ ಕೆಳಗೆ ದೊಡ್ಡದಾಗಿ ಬರೆದು ಮತ್ತೆ ಹತ್ತು ಮಾಡಿಸಿ. −0.3ರಿಂದ ಎಡಕ್ಕೆ ಐದು ಗೆರೆ ಹೋದ್ರೆ −0.35, ಇನ್ನೂ −0.4 ಮುಟ್ಟಿರಲ್ಲ. ಬಲಗಡೆ ಯಾವುದಿದೆಯೋ ಅದೇ ದೊಡ್ಡದು, ಉಲ್ಟಾ ಅನ್ನೋ ಪದನೇ ಬೇಡ.

ಗೋಡೆಲೈನ್
ಪರೀಕ್ಷೆಲಿ ಅಷ್ಟೆಲ್ಲಾ ಬರೀತಾ ಕೂರೋಕಾಗುತ್ತಾ? ಸೊನ್ನೆನೇ ಬೆಸ್ಟ್. ಅಂದಹಾಗೆ ನಮ್ಮನೇಲಿ ಗೋಡೆ ಮೇಲೆ ಮೂರು ಮೀಟರ್ ನಂಬರ್ ಲೈನ್ ಇದೆ, ಎಲ್‌ಇಡಿ ಸ್ಟ್ರಿಪ್, ಮೀಟರಿಗೆ 60 ಲೈಟು, ಮೈನಸ್ ಕಡೆ ನೀಲಿ ಪ್ಲಸ್ ಕಡೆ ಕೆಂಪು, ನಂಬರ್ ಒತ್ತಿದ್ರೆ ಆ ಜಾಗ ಹೊತ್ತಿಕೊಳ್ಳುತ್ತೆ.

ಸೆಮಿಕೋಲನ್
ಮೀಟರಿಗೆ 60 ಅಂದ್ರೆ, −1ರಿಂದ 0 ತನಕ ಒಂದು ಮೀಟರ್ ಇಟ್ಟುಕೊಂಡ್ರೂ ನೂರು ಭಾಗ ಆಗಲ್ಲ. −0.36 ಎಲ್ಲಿ ಹೊತ್ತಿಸ್ತೀರಾ?

ಗೋಡೆಲೈನ್
ಹತ್ತಿರದ್ದು ಹೊತ್ತುತ್ತೆ ಮಾರಾಯ.

ಚುಕ್ಕಿಬಾಲ
ಮೊಸಳೆಗೆ ಎಲ್‌ಇಡಿ ಕಣ್ಣು ಹಾಕಿ.

ರಾತ್ರಿಪಾಳಿ
ಮೇಡಂ, ಹಿಗ್ಗಿಸಿ ಬರೆಯೋದು ಕೆಲಸ ಮಾಡ್ತು. −0.35 ಸರಿ ಜಾಗದಲ್ಲಿ ಇಟ್ಟು ಅವಳೇ ಚಿಹ್ನೆ ತಿದ್ದಿದ್ಲು. −0.6, −0.60 ಒಂದೇ ಚುಕ್ಕಿ ಅಂತ ನೋಡಿ ನಕ್ಕಳು. ಆದ್ರೆ ಈಗ ಹೊಸದೊಂದು ಶುರು. −1.3 ಇಡು ಅಂದ್ರೆ −2ರಿಂದ ಬಲಕ್ಕೆ ಮೂರು ಗೆರೆ ಎಣಿಸಿ ಅಲ್ಲಿ ಇಡ್ತಾಳೆ, ಅದು −1.7 ಅಲ್ವಾ? 0ಯಿಂದ −1ರ ಮಧ್ಯೆ ಮಾತ್ರ ಎಡಕ್ಕೆ ಸರಿಯಾಗಿ ಎಣಿಸ್ತಾಳೆ. ಇದ್ಯಾಕೆ?

ಗೋಡೆಲೈನ್
ಮೈನಸ್. ಮೊದಲೇ ಹೇಳಿದ್ದೆ.